Σ ಕಂಡರೆ ಮೊದಲು ಬಿಡಿಸಿ ಬರೆಯಿರಿ: ಐದು ದಿನದ ಹಾಲಿನ ಲೆಕ್ಕದಲ್ಲಿ ಸಿಗ್ಮಾ

ಎಸ್‌ಎಸ್‌ಎಲ್‌ಸಿ ಗಣಿತದಲ್ಲಿ ಸಂಖ್ಯಾಶಾಸ್ತ್ರದ ಪಾಠಕ್ಕೆ ಬಂದಾಗ ಸರಾಸರಿಯ ಸೂತ್ರದ ಜೊತೆಗೇ Σ ಎಂಬ ಗುರುತು ಬರುತ್ತದೆ. ಹೆಚ್ಚಿನ ಮಕ್ಕಳು ಅದನ್ನು "ಮೊತ್ತ" ಎಂದು ಓದಿಕೊಂಡು ಮುಂದೆ ಹೋಗುತ್ತಾರೆ. ಆ ಪಾಠದ ಮಟ್ಟಿಗೆ ಅಷ್ಟೇ ಸಾಕಾಗುತ್ತದೆ. ಪಿಯುಸಿಗೆ ಬಂದಮೇಲೆ ಅದರ ಕೆಳಗೆ `i = 1` ಎಂದೂ ಮೇಲೆ `n` ಎಂದೂ ಬರೆದಿರುತ್ತಾರೆ, ಪಕ್ಕದಲ್ಲಿ ಒಂದು ಆವರಣ, ಅದರ ಮೇಲೊಂದು ವರ್ಗ. ಆಗ "ಮೊತ್ತ" ಎಂಬ ಒಂದು ಮಾತು ಸಾಲುವುದಿಲ್ಲ. ಯಾವುದರ ಮೊತ್ತ, ಎಲ್ಲಿಂದ ಎಲ್ಲಿಯವರೆಗೆ, ವರ್ಗ ಮಾಡುವುದು ಕೂಡುವ ಮೊದಲೋ ಆಮೇಲೋ ಎಂಬುದೆಲ್ಲ ಗೊತ್ತಾಗಬೇಕು. ಇದನ್ನೆಲ್ಲ ಒಂದು ಸಣ್ಣ ಪಟ್ಟಿ ಇಟ್ಟುಕೊಂಡು ನಿಧಾನವಾಗಿ ನೋಡೋಣ. ಪಕ್ಕದಲ್ಲಿ ಒಂದು ಹಾಳೆ, ಪೆನ್ನು ಇರಲಿ.

ಗುರುತು ಹಳೆಯದು. ಮೊತ್ತಕ್ಕೆ Σ ಬಳಸಿದವನು ಸ್ವಿಸ್ ಗಣಿತಜ್ಞ ಲೆಯೊನ್‌ಹಾರ್ಡ್ ಆಯ್ಲರ್, 1755ರಲ್ಲಿ. ಗ್ರೀಕ್ ಲಿಪಿಯಲ್ಲಿ ಅದು "ಸ" ಉಚ್ಚಾರಣೆಯ ದೊಡ್ಡಕ್ಷರ.

## ಪಟ್ಟಿ ಮತ್ತು ಅದರ ಕ್ರಮಸಂಖ್ಯೆ

ಒಂದು ಮನೆಯವರು ಐದು ದಿನ ಬೆಳಿಗ್ಗೆ ಡೇರಿಗೆ ಹಾಕಿದ ಹಾಲು, ಲೀಟರ್‌ಗಳಲ್ಲಿ, ಹೀಗಿದೆ ಎಂದುಕೊಳ್ಳಿ:

```
ದಿನ  (i)  :  1   2   3   4   5
ಹಾಲು (xᵢ) :  4   6   3   7   5
```

ಇಲ್ಲಿ ಎರಡು ಸಾಲುಗಳಿವೆ, ಎರಡೂ ಬೇರೆ ಬೇರೆ. ಮೇಲಿನ ಸಾಲು ಬರೀ ಕ್ರಮಸಂಖ್ಯೆ: ಎಷ್ಟನೆಯ ದಿನ ಎಂಬುದು. ಕೆಳಗಿನ ಸಾಲು ಆ ದಿನದ ಹಾಲು. `x₁` ಎಂದರೆ ಮೊದಲ ದಿನದ ಹಾಲು, ಅಂದರೆ 4. `x₄` ಎಂದರೆ ನಾಲ್ಕನೆಯ ದಿನದ ಹಾಲು, ಅಂದರೆ 7. `xᵢ` ಎಂದು ಬರೆದರೆ "i ಎಷ್ಟೋ ಅಷ್ಟನೆಯ ದಿನದ ಹಾಲು" ಎಂದರ್ಥ. ಕೆಳಗೆ ಸಣ್ಣದಾಗಿ ಬರೆದ i ಪಟ್ಟಿಯಲ್ಲಿ ಎಲ್ಲಿ ನೋಡಬೇಕು ಎಂದು ತೋರಿಸುತ್ತದೆ, ಅಷ್ಟೇ. ಅದರಿಂದ ಗುಣಿಸುವುದಾಗಲಿ ಅದನ್ನು ಕೂಡುವುದಾಗಲಿ ಇಲ್ಲ.

ಈಗ Σ ಬರೆಯೋಣ:

```
  5
  Σ  xᵢ
 i=1
```

ಇದನ್ನು ಓದುವಾಗ ಕೆಳಗಿನಿಂದ ಶುರುಮಾಡಿ. ಕೆಳಗೆ `i = 1` ಇದೆ: ಎಣಿಸುವ ಅಕ್ಷರ i, ಅದು 1ರಿಂದ ಆರಂಭ. ಮೇಲೆ 5 ಇದೆ: i ಒಂದೊಂದಾಗಿ ಏರುತ್ತಾ 5 ಮುಟ್ಟಿದ ಮೇಲೆ ನಿಲ್ಲಬೇಕು, 5 ಸಹ ಲೆಕ್ಕಕ್ಕೆ ಸೇರುತ್ತದೆ. ಬಲಗಡೆ `xᵢ` ಇದೆ: ಪ್ರತಿ ಸಲ ಇದನ್ನು ಬರೆಯಬೇಕು. Σ ಹೇಳುವುದು, ಹೀಗೆ ಬರೆದದ್ದನ್ನೆಲ್ಲ ಕೂಡು ಎಂದು. ಬಿಡಿಸಿ ಬರೆದರೆ:

```
x₁ + x₂ + x₃ + x₄ + x₅ = 4 + 6 + 3 + 7 + 5 = 25
```

ಒಟ್ಟು 25 ಲೀಟರ್. Σ ಇರುವ ಯಾವ ಲೆಕ್ಕ ಬಂದರೂ ಮೊದಲ ಕೆಲಸ ಹೀಗೆ ಬಿಡಿಸಿ ಬರೆಯುವುದೇ. ಮೇಲೆ 5ರ ಬದಲು n ಇದ್ದರೂ ಮೊದಲಿನ ಎರಡು ಮೂರು ಪದಗಳನ್ನು, ಕೊನೆಯ ಒಂದು ಪದವನ್ನು ಬರೆದುಕೊಳ್ಳಿ. ಇದನ್ನು ಬಿಟ್ಟು ನೇರವಾಗಿ ಸೂತ್ರಕ್ಕೆ ಕೈ ಹಾಕಿದಾಗಲೇ ಮುಂದೆ ಹೇಳುವ ತಪ್ಪುಗಳೆಲ್ಲ ನುಸುಳುತ್ತವೆ.

ಬಲಗಡೆ ಇರುವುದು ಬದಲಾದರೆ ಕೂಡುವ ವಸ್ತುವೂ ಬದಲಾಗುತ್ತದೆ. ಅದೇ 1ರಿಂದ 5ರವರೆಗೆ ಈ ಮೂರನ್ನು ನೋಡಿ:

```
Σ i     = 1 + 2 + 3 + 4 + 5              = 15
Σ xᵢ    = 4 + 6 + 3 + 7 + 5              = 25
Σ i·xᵢ  = 1·4 + 2·6 + 3·3 + 4·7 + 5·5    = 78
```

ಮೊದಲನೆಯದರಲ್ಲಿ ಹಾಲೇ ಇಲ್ಲ, ಬರೀ ದಿನದ ಸಂಖ್ಯೆಗಳನ್ನು ಕೂಡಿದ್ದೇವೆ. ಮೂರನೆಯದರಲ್ಲಿ ದಿನದ ಸಂಖ್ಯೆಯಿಂದ ಹಾಲನ್ನು ಗುಣಿಸಿ ಕೂಡಿದ್ದೇವೆ. `i` ಮತ್ತು `xᵢ` ಒಂದೇ ಎಂದುಕೊಳ್ಳುವುದು ಹೊಸಬರು ಅತಿ ಹೆಚ್ಚು ಮಾಡುವ ತಪ್ಪು. ಪಟ್ಟಿ 1, 2, 3 ಎಂದೇ ಇದ್ದರೆ ಆ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಅದಕ್ಕೇ ಅಭ್ಯಾಸಕ್ಕೆ 4, 6, 3, 7, 5ರಂಥ ಅಡ್ಡಾದಿಡ್ಡಿ ಪಟ್ಟಿ ಒಳ್ಳೆಯದು.

ಎಣಿಸುವ ಅಕ್ಷರ i ಆಗಿರಲೇಬೇಕೆಂದಿಲ್ಲ. ಅದರ ಜಾಗದಲ್ಲಿ k ಅಥವಾ j ಬಳಸಿ, ಎಲ್ಲ ಕಡೆಯೂ ಒಂದೇ ರೀತಿ ಬದಲಿಸಿದರೆ, ಉತ್ತರ ಅದೇ 25. ಬಿಡಿಸಿ ಬರೆದಮೇಲೆ i ಎಂಬುದು ಎಲ್ಲಿಯೂ ಉಳಿಯುವುದಿಲ್ಲವಲ್ಲ. ಇದರಿಂದ ಒಂದು ಒಳ್ಳೆಯ ಪರೀಕ್ಷೆ ಸಿಗುತ್ತದೆ: ಲೆಕ್ಕ ಮುಗಿಸಿದಾಗ ನಿಮ್ಮ ಉತ್ತರದಲ್ಲಿ i ಉಳಿದಿದ್ದರೆ ಎಲ್ಲೋ ತಪ್ಪಿದೆ. n ಉಳಿಯಬಹುದು, i ಉಳಿಯಬಾರದು.

## ಎಷ್ಟು ಪದಗಳಿವೆ?

Σ ಯಾವಾಗಲೂ 1ರಿಂದ ಶುರುವಾಗುವುದಿಲ್ಲ. ಮೂರನೆಯ ದಿನದಿಂದ ಐದನೆಯ ದಿನದವರೆಗಿನ ಹಾಲು ಬೇಕಿದ್ದರೆ:

```
  5
  Σ  xᵢ  =  x₃ + x₄ + x₅  =  3 + 7 + 5  =  15
 i=3
```

ಪದಗಳು ಮೂರು. 5ರಲ್ಲಿ 3 ಕಳೆದರೆ ಬರುವುದು ಎರಡು, ಆದರೆ ಎರಡೂ ತುದಿಗಳು ಸೇರಿರುವುದರಿಂದ ಇನ್ನೊಂದು ಕೂಡಿಸಬೇಕು: `5 − 3 + 1 = 3`. ತಿಂಗಳ 12ನೇ ತಾರೀಕಿನಿಂದ 27ರವರೆಗೆ ಎಷ್ಟು ದಿನ ಎಂದರೆ ಹಲವರು ಥಟ್ಟನೆ 15 ಎನ್ನುತ್ತಾರೆ. ಎಣಿಸಿ ನೋಡಿದರೆ 16. ಮೇಲಿನ ಸಂಖ್ಯೆಯಲ್ಲಿ ಕೆಳಗಿನದನ್ನು ಕಳೆದು 1 ಕೂಡುವುದು ಎಲ್ಲ Σಗೂ ಅನ್ವಯಿಸುತ್ತದೆ.

ಬಲಗಡೆ i ಇಲ್ಲದ ಬರೀ ಸಂಖ್ಯೆ ಇದ್ದಾಗ ಈ ಎಣಿಕೆಯೇ ಮುಖ್ಯ. i = 1ರಿಂದ 5ರವರೆಗೆ `Σ 8` ಎಂದರೆ ಎಷ್ಟು? 8 ಎಂದು ಬರೆದುಬಿಡುವವರಿದ್ದಾರೆ. ಬಿಡಿಸಿ ಬರೆದರೆ i = 1 ಆದಾಗ 8, i = 2 ಆದಾಗಲೂ 8, ಹೀಗೆ ಐದು ಸಲ 8; ಮೊತ್ತ 40. i = 3ರಿಂದ 5ರವರೆಗೆ ಆದರೆ ಮೂರೇ ಸಲ, 24. i = 0ಯಿಂದ 4ರವರೆಗೆ ಆದರೆ `4 − 0 + 1`, ಮತ್ತೆ ಐದು ಸಲ, 40.

## ಆವರಣ ಎಲ್ಲಿದೆ ನೋಡಿ

ಲೀಟರಿಗೆ 35 ರೂಪಾಯಿಯಂತೆ ದುಡ್ಡು ಬರುತ್ತದೆ ಎಂದುಕೊಳ್ಳೋಣ. ಐದು ದಿನದ ಹಣ:

```
Σ 35xᵢ = 140 + 210 + 105 + 245 + 175 = 875
```

ಪ್ರತಿ ಪದದಲ್ಲೂ 35 ಇದೆ. ಅದನ್ನು ಹೊರಗೆ ತೆಗೆದು `35 · Σ xᵢ = 35 × 25 = 875` ಎಂದರೂ ಅದೇ ಉತ್ತರ. ದಿನದಿನಕ್ಕೆ ಬದಲಾಗದ ಸಂಖ್ಯೆಯನ್ನು Σ ಆಚೆ ತರಬಹುದು ಎಂಬ ನಿಯಮ ಇದೇ. ಚಿಕ್ಕಂದಿನಲ್ಲಿ ಕಲಿತ ವಿಭಾಜಕ ನಿಯಮವೇ ಇದು, ಹೊಸದೇನಿಲ್ಲ.

ಈಗ ಕ್ಯಾನನ್ನು ಡೇರಿಯವರೆಗೆ ಒಯ್ಯುವ ಹುಡುಗನಿಗೆ 8 ರೂಪಾಯಿ ಕೊಡಬೇಕು. ಈ ಎರಡು ಸಾಲುಗಳನ್ನು ನೋಡಿ:

```
Σ (35xᵢ − 8) = 132 + 202 + 97 + 237 + 167 = 835
Σ 35xᵢ − 8   = 875 − 8                    = 867
```

ಮೊದಲನೆಯದರಲ್ಲಿ 8 ಆವರಣದೊಳಗಿದೆ. ಆದ್ದರಿಂದ ಪ್ರತಿ ದಿನವೂ ಕಳೆಯುತ್ತದೆ, ಒಟ್ಟು 40. ಎರಡನೆಯದರಲ್ಲಿ ಆವರಣವಿಲ್ಲ. Σ ತನ್ನ ಬಲಗಡೆ ಗುಣಾಕಾರದಲ್ಲಿ ಅಂಟಿಕೊಂಡಿರುವುದನ್ನು ಮಾತ್ರ ಹಿಡಿಯುತ್ತದೆ. ಆವರಣದ ಹೊರಗೆ + ಅಥವಾ − ಬಂದ ಕೂಡಲೇ ಅದರ ಅಧಿಕಾರ ಮುಗಿಯಿತು ಎಂಬುದು ರೂಢಿ. ಹಾಗಾಗಿ ಅಲ್ಲಿ 8 ಒಂದೇ ಸಲ ಕಳೆಯುತ್ತದೆ. ಹುಡುಗನಿಗೆ ದಿನಕ್ಕೆ 8 ರೂಪಾಯಿಯೋ ಐದು ದಿನಕ್ಕೆ ಸೇರಿ 8 ರೂಪಾಯಿಯೋ ಎಂಬ ವ್ಯತ್ಯಾಸ ಒಂದು ಜೊತೆ ಆವರಣದಲ್ಲಿದೆ. ನೀವೇ ಬರೆಯುವಾಗ ಅನುಮಾನಕ್ಕೆ ಎಡೆ ಕೊಡದೆ ಆವರಣ ಹಾಕಿಬಿಡಿ. ಹೊರಗಿರಬೇಕಾದ ಪದವನ್ನು Σಗಿಂತ ಮೊದಲೇ ಬರೆದು `−8 + Σ 35xᵢ` ಎನ್ನುವುದೂ ಒಂದು ಉಪಾಯ.

ಸಂಜೆಯ ಹಾಲು `yᵢ` 3, 4, 2, 5, 4 ಎಂದಿದ್ದರೆ `Σ (xᵢ + yᵢ)` ಎಂದರೆ ದಿನದಿನದ ಎರಡು ಹೊತ್ತಿನ ಹಾಲು ಕೂಡಿ ಆಮೇಲೆ ಐದು ದಿನ ಕೂಡುವುದು: 7 + 10 + 5 + 12 + 9 = 43. `Σ xᵢ + Σ yᵢ` ಎಂದರೆ ಬೆಳಗಿನದನ್ನೆಲ್ಲ ಒಂದು ಕಡೆ, ಸಂಜೆಯದನ್ನೆಲ್ಲ ಒಂದು ಕಡೆ ಕೂಡಿ ಸೇರಿಸುವುದು: 25 + 18 = 43. ಕೂಡುವ ಕ್ರಮ ಬದಲಾದರೆ ಮೊತ್ತ ಬದಲಾಗದು, ಅದಕ್ಕೇ ಎರಡೂ ಒಂದೇ. ಕೂಡುವಿಕೆ, ಕಳೆಯುವಿಕೆಯಲ್ಲಿ Σವನ್ನು ಹೀಗೆ ಒಡೆಯಬಹುದು.

## ಗುಣಾಕಾರದಲ್ಲಿ ಒಡೆಯಬಾರದು

ಡೇರಿಯಲ್ಲಿ ದರ ದಿನವೂ ಒಂದೇ ಇರಬೇಕೆಂದಿಲ್ಲ. ಹಾಲಿನ ಕೊಬ್ಬಿನಂಶ ನೋಡಿ ದರ ಕಟ್ಟುವಲ್ಲಿ ಅದು ಹೆಚ್ಚು ಕಡಿಮೆ ಆಗುತ್ತದೆ. ದರಗಳು ಹೀಗಿದ್ದವು ಎನ್ನೋಣ:

```
ದಿನ  (i)  :   1    2    3    4    5
ಹಾಲು (xᵢ) :   4    6    3    7    5
ದರ  (rᵢ)  :  34   35   33   36   35
rᵢxᵢ      : 136  210   99  252  175
```

ಕೈಗೆ ಬರುವ ಹಣ ಕೊನೆಯ ಸಾಲಿನ ಮೊತ್ತ: `Σ rᵢxᵢ = 872`. ಇಲ್ಲಿ ದರಕ್ಕೂ ಕೆಳಗೆ i ಇದೆ, ಅಂದರೆ ಅದು ದಿನದಿನಕ್ಕೆ ಬದಲಾಗುತ್ತದೆ. ಆದ್ದರಿಂದ ಅದನ್ನು Σ ಆಚೆ ತರುವಂತಿಲ್ಲ. ಒಂದು ಅಕ್ಷರವನ್ನು ಹೊರಗೆ ತರಬಹುದೋ ಇಲ್ಲವೋ ಎಂದು ತಿಳಿಯಲು ಇದೇ ದಾರಿ: ಅದು ಎಣಿಸುವ ಅಕ್ಷರವೇ ಆಗಿದೆಯೇ ಅಥವಾ ಅದರ ಕೆಳಗೆ ಎಣಿಸುವ ಅಕ್ಷರ ಇದೆಯೇ ನೋಡಿ. ಹಾಗಿದ್ದರೆ ಒಳಗೇ ಇರಲಿ.

ಒಡೆದರೆ ಏನಾಗುತ್ತದೆ? `Σ rᵢ = 173`, `Σ xᵢ = 25`, ಗುಣಿಸಿದರೆ 4325 ರೂಪಾಯಿ. ಇದು ಅಸಾಧ್ಯ ಎಂದು ಯಾರಿಗಾದರೂ ಗೊತ್ತಾಗುತ್ತದೆ. ಬಿಡಿಸಿ ಬರೆದರೆ ಕಾರಣವೂ ತಿಳಿಯುತ್ತದೆ: `(r₁ + r₂ + …)(x₁ + x₂ + …)` ಎಂದು ಗುಣಿಸಿದಾಗ ಸೋಮವಾರದ ದರ ಮಂಗಳವಾರದ ಹಾಲನ್ನೂ ಬುಧವಾರದ ಹಾಲನ್ನೂ ಗುಣಿಸುತ್ತದೆ. ನಮಗೆ ಬೇಕಾದ ಐದು ಗುಣಲಬ್ಧಗಳ ಜಾಗದಲ್ಲಿ ಇಪ್ಪತ್ತೈದು ಬಂದು ಕೂತಿವೆ.

ಇದಕ್ಕಿಂತ ಮೋಸದ ತಪ್ಪು ಇನ್ನೊಂದು. ದರಗಳ ಸರಾಸರಿ ತೆಗೆದು, ಅಂದರೆ 173 ÷ 5 = 34.6, ಅದರಿಂದ 25 ಲೀಟರನ್ನು ಗುಣಿಸಿದರೆ 865 ಬರುತ್ತದೆ. ನಿಜವಾದ ಉತ್ತರ 872. ಏಳು ರೂಪಾಯಿಯ ವ್ಯತ್ಯಾಸ ಸಣ್ಣದು, ಹಾಗಾಗಿ ಯಾರೂ ಗಮನಿಸುವುದಿಲ್ಲ. ಹೆಚ್ಚು ಹಾಲು ಹಾಕಿದ ನಾಲ್ಕನೆಯ ದಿನವೇ ದರವೂ ಹೆಚ್ಚಿತ್ತು, ಕಡಿಮೆ ಹಾಲಿನ ಮೂರನೆಯ ದಿನ ದರವೂ ಕಡಿಮೆ. ಬರೀ ಸರಾಸರಿ ದರಕ್ಕೆ ಈ ಜೋಡಿ ಕಾಣುವುದಿಲ್ಲ.

## ಆವೃತ್ತಿ ಕೋಷ್ಟಕದಲ್ಲಿ ಇದೇ ಕೆಲಸ

ಹತ್ತನೇ ತರಗತಿಯ `Σ fᵢxᵢ` ಈಗ ಸುಲಭ. ಜೂನ್ ತಿಂಗಳ ಮೂವತ್ತು ದಿನಗಳ ಹಾಲನ್ನು ಒಂದೊಂದಾಗಿ ಬರೆಯುವ ಬದಲು, ಎಷ್ಟು ಲೀಟರ್ ಎಷ್ಟು ದಿನ ಎಂದು ಗುಂಪು ಮಾಡಿದ್ದಾರೆ:

```
ಲೀಟರ್ (xᵢ)  :   3    4    5    6    7
ದಿನಗಳು (fᵢ) :   4    7   10    6    3
fᵢxᵢ        :  12   28   50   36   21
```

ಇಲ್ಲಿ i ಎಂದರೆ ದಿನವಲ್ಲ, ಕೋಷ್ಟಕದ ಎಷ್ಟನೆಯ ಕಂಬಸಾಲು ಎಂಬುದು. `Σ fᵢ = 30`, `Σ fᵢxᵢ = 147`, ಸರಾಸರಿ 147 ÷ 30 = 4.9 ಲೀಟರ್. ಮೂರು ಲೀಟರ್ ನಾಲ್ಕು ದಿನ ಬಂದಿದೆ ಎಂದರೆ 3 + 3 + 3 + 3. ಅದನ್ನೇ 4 × 3 ಎಂದು ಬರೆದಿದ್ದೇವೆ.

ಇಲ್ಲಿ ಎರಡು ತಪ್ಪುಗಳು ಕಾಣುತ್ತವೆ. 147ನ್ನು ಕಂಬಸಾಲುಗಳ ಸಂಖ್ಯೆಯಾದ 5ರಿಂದ ಭಾಗಿಸಿದರೆ 29.4 ಬರುತ್ತದೆ. ಯಾವ ದಿನವೂ 7 ಲೀಟರ್ ಮೀರದಿರುವಾಗ ಸರಾಸರಿ 29 ಆಗಲಾರದು. ಸರಾಸರಿ ಯಾವಾಗಲೂ ಪಟ್ಟಿಯ ಅತಿ ಚಿಕ್ಕ ಮತ್ತು ಅತಿ ದೊಡ್ಡ ಬೆಲೆಗಳ ನಡುವೆ ಇರಬೇಕು. ಇದು ಬೇಗ ಸಿಕ್ಕಿಬೀಳುವ ತಪ್ಪು. ಇನ್ನೊಂದು, f ಮರೆತು 3, 4, 5, 6, 7ರ ಸರಾಸರಿ 5 ಎಂದುಬಿಡುವುದು. 4.9ಕ್ಕೆ ಹತ್ತಿರವಿದೆ, ಆದ್ದರಿಂದ ಅನುಮಾನ ಬರುವುದಿಲ್ಲ. `fᵢxᵢ` ಎಂಬ ಮೂರನೆಯ ಸಾಲನ್ನು ತಪ್ಪದೆ ಬರೆದರೆ ಈ ಎರಡನೆಯದು ಆಗುವುದೇ ಇಲ್ಲ.

## ವರ್ಗ ಒಳಗೋ ಹೊರಗೋ

ಮತ್ತೆ ನಮ್ಮ ಐದು ದಿನದ ಪಟ್ಟಿಗೆ ಬನ್ನಿ.

```
Σ xᵢ²   = 16 + 36 + 9 + 49 + 25 = 135
(Σ xᵢ)² = 25²                   = 625
```

ಮೊದಲನೆಯದರಲ್ಲಿ ಒಂದೊಂದನ್ನೂ ವರ್ಗ ಮಾಡಿ ಕೂಡಿದ್ದೇವೆ, ಎರಡನೆಯದರಲ್ಲಿ ಕೂಡಿ ವರ್ಗ ಮಾಡಿದ್ದೇವೆ. ಹಿಂದೆ ನೋಡಿದ ಗುಣಾಕಾರದ ಕಥೆಯೇ ಇದು. 625ರಲ್ಲಿ 4 × 6, 6 × 3 ಇಂಥ ಅಡ್ಡ ಗುಣಲಬ್ಧಗಳೆಲ್ಲ ಸೇರಿಕೊಂಡಿವೆ. 135ರಲ್ಲಿ ಅವು ಇಲ್ಲ. ಪುಸ್ತಕಗಳಲ್ಲಿ ಮೇಲಿನ ಕೆಳಗಿನ ಮಿತಿಗಳನ್ನು ಬಿಟ್ಟು `Σx²` ಎಂದಷ್ಟೇ ಮುದ್ರಿಸುವುದುಂಟು. ಬರೆಯಲು ಸಲೀಸು, ಆದರೆ ಹೊಸಬರಿಗೆ ಅದು ಒಳ್ಳೆಯದಲ್ಲ ಎಂದೇ ನನ್ನ ಅಭಿಪ್ರಾಯ. ಕೆಳಗಿನ i ಕಾಣದಿದ್ದರೆ ಒಂದೊಂದು ದಿನದ ಮೇಲೆ ಕೆಲಸ ನಡೆಯುತ್ತಿದೆ ಎಂಬುದೇ ಮರೆತುಹೋಗುತ್ತದೆ. ನಿಮ್ಮ ನೋಟ್‌ಬುಕ್ಕಿನಲ್ಲಿ i ಹಾಕಿಕೊಳ್ಳಿ.

ಈ ಎರಡೂ ಮೊತ್ತಗಳು ಒಟ್ಟಿಗೆ ಬೇಕಾಗುವ ಜಾಗ ಮಾನಕ ವಿಚಲನೆ, ಅಂದರೆ ಪಟ್ಟಿಯ ಬೆಲೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಅಳತೆ. ಇಡೀ ಲೆಕ್ಕವನ್ನು ಒಮ್ಮೆ ಮಾಡೋಣ. ನಮ್ಮ ಪಟ್ಟಿಯ ಸರಾಸರಿ 25 ÷ 5 = 5. ಪ್ರತಿ ದಿನ ಸರಾಸರಿಯಿಂದ ಎಷ್ಟು ದೂರ ಎಂದು ಬರೆಯಿರಿ:

```
xᵢ        :   4   6   3   7   5   ಮೊತ್ತ  25
xᵢ − 5    :  −1   1  −2   2   0   ಮೊತ್ತ   0
(xᵢ − 5)² :   1   1   4   4   0   ಮೊತ್ತ  10
```

ಎರಡನೆಯ ಸಾಲಿನ ಮೊತ್ತ ಸೊನ್ನೆ. ಇದು ಈ ಪಟ್ಟಿಗಷ್ಟೇ ಆದದ್ದಲ್ಲ. `Σ (xᵢ − 5)` ಒಡೆದರೆ `Σ xᵢ − Σ 5`, ಅಂದರೆ 25 − 25. ಇಲ್ಲಿ `Σ 5` ಎಂದರೆ ಐದು ಸಲ 5 ಎಂಬುದನ್ನು ಮರೆಯಬೇಡಿ. ಸರಾಸರಿಯನ್ನು ಪದಗಳ ಸಂಖ್ಯೆಯಿಂದ ಗುಣಿಸಿದರೆ ಮೊತ್ತವೇ ಬರಬೇಕಲ್ಲ, ಆದ್ದರಿಂದ ಯಾವ ಪಟ್ಟಿಯಲ್ಲೂ ಇದು ಸೊನ್ನೆಯೇ. ಪರೀಕ್ಷೆಯಲ್ಲಿ ಇದನ್ನು ತಾಳೆ ನೋಡಲು ಬಳಸಿ: ವಿಚಲನೆಗಳ ಸಾಲು ಸೊನ್ನೆಗೆ ಬರದಿದ್ದರೆ ಸರಾಸರಿ ತಪ್ಪಿದೆ, ಅಥವಾ ಯಾವುದೋ ಒಂದು ಕಳೆಯುವಿಕೆ ತಪ್ಪಿದೆ, ಅಥವಾ ಸರಾಸರಿಯನ್ನು ಹತ್ತಿರದ ಸಂಖ್ಯೆಗೆ ದುಂಡು ಮಾಡಿದ್ದೀರಿ.

ಮೂರನೆಯ ಸಾಲಿನ ಮೊತ್ತ 10. ಇದನ್ನು ಆ ಸಾಲು ಬರೆಯದೆಯೂ ಪಡೆಯಬಹುದು. ಆವರಣ ಬಿಡಿಸಿ:

```
(xᵢ − 5)²    = xᵢ² − 10xᵢ + 25

Σ (xᵢ − 5)²  = Σ xᵢ² − 10 Σ xᵢ + Σ 25
             = 135 − 250 + 125
             = 10
```

ಮೇಲೆ ನೋಡಿದ ಎಲ್ಲ ನಿಯಮಗಳೂ ಈ ಮೂರು ಸಾಲಿನಲ್ಲಿ ಬಂದವು: + − ಇರುವಲ್ಲಿ ಒಡೆದೆವು, ಬದಲಾಗದ 10ನ್ನು ಹೊರಗೆ ತಂದೆವು, `Σ 25` ಎಂದರೆ ಐದು ಸಲ 25 ಎಂದೆವು. 25 ಎಂದಷ್ಟೇ ಬರೆದಿದ್ದರೆ ಉತ್ತರ −90 ಬರುತ್ತಿತ್ತು. ವರ್ಗಗಳ ಮೊತ್ತ ಋಣ ಸಂಖ್ಯೆ ಆಗಲಾರದು, ಅಲ್ಲಿಗೆ ತಪ್ಪು ತಾನಾಗಿ ಹೊರಬೀಳುತ್ತದೆ.

ಸರಾಸರಿಯನ್ನು m ಎಂದು, ಪದಗಳ ಸಂಖ್ಯೆಯನ್ನು n ಎಂದು ಕರೆದು ಇದೇ ಮೂರು ಸಾಲು ಬರೆದರೆ ಸಿಗುವುದು `Σ xᵢ² − n·m²`. ನಮ್ಮಲ್ಲಿ 135 − 5 × 25 = 10, ಸರಿ. ಇದನ್ನು n ಆದ 5ರಿಂದ ಭಾಗಿಸಿದರೆ 2, ಅದರ ವರ್ಗಮೂಲ ಸುಮಾರು 1.41 ಲೀಟರ್. ಅದೇ ಮಾನಕ ವಿಚಲನೆ.

ಈ ಅಡ್ಡದಾರಿಗೆ ಒಂದು ಅಪಾಯವಿದೆ. ಕೊನೆಯ ದಿನ 5ರ ಬದಲು 6 ಲೀಟರ್ ಇದ್ದಿದ್ದರೆ ಮೊತ್ತ 26, ಸರಾಸರಿ 5.2, ವರ್ಗಗಳ ಮೊತ್ತ 146. ಸರಿಯಾದ ಲೆಕ್ಕ: 146 − 5 × 27.04 = 10.8. ಆದರೆ 5.2 ಯಾಕೆ, 5 ಎಂದೇ ಇಟ್ಟುಕೊಳ್ಳೋಣ ಎಂದರೆ 146 − 125 = 21 ಬರುತ್ತದೆ, ಸರಿಯುತ್ತರದ ಸುಮಾರು ಎರಡು ಪಟ್ಟು. ಎರಡು ದೊಡ್ಡ ಸಂಖ್ಯೆಗಳನ್ನು ಕಳೆದು ಸಣ್ಣದನ್ನು ಪಡೆಯುತ್ತಿದ್ದೇವೆ, ಹಾಗಾಗಿ ಸರಾಸರಿಯ ಸಣ್ಣ ತಪ್ಪು ಇಲ್ಲಿ ಬಹಳ ಹಿಗ್ಗುತ್ತದೆ. ಸರಾಸರಿಯನ್ನು ದುಂಡು ಮಾಡದೆ ಇಡಿ, ಅಥವಾ ಸರಾಸರಿಯನ್ನೇ ಬಳಸದೆ `Σ xᵢ² − (Σ xᵢ)² ÷ n` ಎಂದು ಮಾಡಿ: 146 − 676 ÷ 5 = 10.8.

## ಹಿಮ್ಮುಖವಾಗಿ: ಪಟ್ಟಿಯಿಂದ Σಗೆ

ಕೊಟ್ಟ ಮೊತ್ತವನ್ನು Σ ರೂಪದಲ್ಲಿ ಬರೆಯಿರಿ ಎಂದೂ ಕೇಳುತ್ತಾರೆ. `3 + 7 + 11 + 15 + 19` ತೆಗೆದುಕೊಳ್ಳಿ. ಪ್ರತಿ ಹೆಜ್ಜೆಗೂ 4 ಹೆಚ್ಚುತ್ತಿದೆ, ಆದ್ದರಿಂದ ಬಲಗಡೆ `4i` ಇರಬೇಕು. i = 1 ಹಾಕಿದರೆ 4 ಬರುತ್ತದೆ, ನಮಗೆ ಬೇಕಾದದ್ದು 3, ಹಾಗಾಗಿ `4i − 1`. ಇನ್ನು ಕೊನೆಯ ಪದ: `4i − 1 = 19` ಆಗಲು i = 5. ಮೊದಲ ಪದವನ್ನೂ ಕೊನೆಯ ಪದವನ್ನೂ ಎರಡನ್ನೂ ಹಾಕಿ ನೋಡುವುದು ಕಡ್ಡಾಯ. ಹೆಚ್ಚಿನವರು ಮೊದಲನೆಯದನ್ನಷ್ಟೇ ನೋಡಿ ಬಿಡುತ್ತಾರೆ.

```
  5
  Σ  (4i − 1)  =  4·15 − 5  =  55
 i=1
```

ಇದನ್ನೇ i = 0ಯಿಂದ ಶುರುಮಾಡಿ `Σ (4i + 3)` ಎಂದು 4ರವರೆಗೆ ಬರೆಯಬಹುದು. ಎರಡೂ ಸರಿ. ಕೆಳಗಿನ ಆರಂಭವನ್ನು ಒಂದು ಇಳಿಸಿದರೆ ಮೇಲಿನ ಕೊನೆಯನ್ನೂ ಒಂದು ಇಳಿಸಬೇಕು, ಒಳಗಿನ i ಇದ್ದಲ್ಲೆಲ್ಲ `i + 1` ಹಾಕಬೇಕು: `4(i + 1) − 1 = 4i + 3`. ಈ ಮೂರರಲ್ಲಿ ಒಂದನ್ನು ಮರೆತರೂ ಪಟ್ಟಿ ಬದಲಾಗುತ್ತದೆ. ಬಿಡಿಸಿ ಬರೆದಾಗ ಮತ್ತೆ 3, 7, 11, 15, 19 ಬಂದರೆ ಸರಿ.

## ಕಂಪ್ಯೂಟರಿನಲ್ಲಿ ತಾಳೆ ನೋಡುವುದು

ಪೈಥಾನ್ ಗೊತ್ತಿರುವವರಿಗೆ Σ ಎಂದರೆ ಒಂದು ಲೂಪ್:

```python
x = [4, 6, 3, 7, 5]
s = 0
for i in range(1, 6):
    s = s + x[i-1]
print(s)
```

ಉತ್ತರ 25. ಇಲ್ಲಿ ಎರಡು ಕಡೆ ಎಚ್ಚರ ಬೇಕು. `range(1, 6)` ಎಂಬುದು 5ಕ್ಕೇ ನಿಲ್ಲುತ್ತದೆ, 6 ಸೇರುವುದಿಲ್ಲ. Σದಲ್ಲಾದರೆ ಮೇಲಿನ ಸಂಖ್ಯೆ ಸೇರುತ್ತದೆ. ಪೈಥಾನ್ ಪಟ್ಟಿಯ ಮೊದಲ ಜಾಗವನ್ನು 0 ಎಂದು ಎಣಿಸುತ್ತದೆ, ಅದಕ್ಕೇ `x[i-1]`. `range(1, 5)` ಎಂದು ಬರೆದರೆ ಕೊನೆಯ ದಿನ ಬಿಟ್ಟುಹೋಗಿ 20 ಬರುತ್ತದೆ. ಲೂಪಿಗೆ ಮೊದಲು `s = 0` ಎಂದಿರುವುದನ್ನೂ ಗಮನಿಸಿ. ಒಂದೂ ಪದವಿಲ್ಲದ Σ, ಅಂದರೆ i = 1ರಿಂದ 0ವರೆಗೆ ಎಂದು ಬರೆದದ್ದು, 0 ಎಂದು ಗಣಿತದಲ್ಲಿ ಒಪ್ಪಿಕೊಂಡಿದ್ದಾರೆ; ಲೂಪ್ ಒಮ್ಮೆಯೂ ಓಡದಿದ್ದರೆ ಉಳಿಯುವುದು ಅದೇ 0.

ಎಕ್ಸೆಲ್ ಬಳಸುವವರು A1ರಿಂದ A5ರವರೆಗೆ ಹಾಲನ್ನೂ B1ರಿಂದ B5ರವರೆಗೆ ದರವನ್ನೂ ತುಂಬಿ ಇವನ್ನು ಹಾಕಿ ನೋಡಿ:

```
=SUM(A1:A5)
=SUMSQ(A1:A5)
=SUM(A1:A5)^2
=SUMPRODUCT(A1:A5,B1:B5)
=DEVSQ(A1:A5)
```

ಕ್ರಮವಾಗಿ 25, 135, 625, 872, 10 ಬರಬೇಕು. ಅಂದರೆ `Σ xᵢ`, `Σ xᵢ²`, `(Σ xᵢ)²`, `Σ rᵢxᵢ` ಮತ್ತು ಸರಾಸರಿಯಿಂದ ಇರುವ ದೂರಗಳ ವರ್ಗಗಳ ಮೊತ್ತ. ಆಮೇಲೆ A5ರಲ್ಲಿ 5ರ ಜಾಗಕ್ಕೆ 6 ಹಾಕಿ. ಐದೂ ಉತ್ತರಗಳು ಬದಲಾಗುತ್ತವೆ: 26, 146, 676, 907, 10.8. ನಾಲ್ಕನೆಯದು 872ರಿಂದ 907ಕ್ಕೆ, ಸರಿಯಾಗಿ 35 ಏರಿದ್ದು ಏಕೆ ಎಂದು ಬಿಡಿಸಿ ಬರೆದ ಸಾಲಿನಲ್ಲಿ ಹುಡುಕಿ: ಬದಲಾದದ್ದು ಕೊನೆಯ ಪದವೊಂದೇ, ಆ ದಿನದ ದರ 35.